ಒಂದೇ ಸಾಲಪತ್ರ, ಎರಡು ಲೆಕ್ಕ

2007ರಲ್ಲಿ ಬೆಂಗಳೂರಿನ ಸಬೆಕ್ಸ್ ಕಂಪನಿ ಕೆನಡಾದ ಸಿಂಡೆಸಿಸ್ ಅನ್ನು ಕೊಳ್ಳಲು ವಿದೇಶಿ ಹೂಡಿಕೆದಾರರಿಂದ 18 ಕೋಟಿ ಡಾಲರ್ ಎತ್ತಿತು. ಬಡ್ಡಿ ವರ್ಷಕ್ಕೆ ಬರೀ ಶೇ. 2. ಇಷ್ಟು ಅಗ್ಗವಾಗಿ ಸಾಲ ಕೊಟ್ಟವರು ದಾನಿಗಳೇನಲ್ಲ. ಮುಂದೆ ಷೇರಿನ ಬೆಲೆ ಏರಿದರೆ, ಸಾಲ ವಾಪಸು ಕೇಳುವ ಬದಲು ಮೊದಲೇ ಗೊತ್ತುಮಾಡಿದ ದರದಲ್ಲಿ ಷೇರು ಪಡೆಯುವ ಹಕ್ಕು ಆ ಬಾಂಡ್‌ಗಳ ಜೊತೆಗಿತ್ತು. ಬಿಟ್ಟುಕೊಟ್ಟ ಬಡ್ಡಿ ಆ ಹಕ್ಕಿಗೆ ತೆತ್ತ ಬೆಲೆ.

ಆಗಿನ ಭಾರತೀಯ ಲೆಕ್ಕಪತ್ರ ನಿಯಮಗಳಲ್ಲಿ ಇಂಥ ಬಾಂಡನ್ನು ಎರಡು ಭಾಗ ಮಾಡಲೇಬೇಕೆಂಬ ಕಡ್ಡಾಯ ಇರಲಿಲ್ಲ. 2016ರಿಂದ ಹಂತಹಂತವಾಗಿ ಜಾರಿಗೆ ಬಂದ ಇಂಡ್ ಎಎಸ್ ಮಾನದಂಡಗಳು ಅದನ್ನು ಬದಲಿಸಿದವು. ಈಗ ಇಂಥ ಪತ್ರ ಹೊರಡಿಸಿದ ದಿನವೇ, ಅದರಲ್ಲಿ ಸಾಲವೆಷ್ಟು, ಷೇರುದಾರರ ಬಂಡವಾಳದಂಥ ಭಾಗವೆಷ್ಟು ಎಂದು ಬೇರ್ಪಡಿಸಬೇಕು.

ಬೇರ್ಪಡಿಸುವುದು ಹೇಗೆ? ಒಂದು ಕಾಲ್ಪನಿಕ ಕಂಪನಿ 10 ಕೋಟಿ ರೂಪಾಯಿಯ ಪರಿವರ್ತನೀಯ ಸಾಲಪತ್ರ ಹೊರಡಿಸಿದೆ ಎನ್ನೋಣ. ಅವಧಿ ಮೂರು ವರ್ಷ, ಬಡ್ಡಿ ಶೇ. 5, ಅಂದರೆ ವರ್ಷಕ್ಕೆ 50 ಲಕ್ಷ. ಷೇರಿನ ಹಕ್ಕು ಇಲ್ಲದೆ ಅದೇ ಕಂಪನಿ ಸಾಲ ಕೇಳಿದ್ದರೆ ಮಾರುಕಟ್ಟೆ ಶೇ. 10 ಬಡ್ಡಿ ಕೇಳುತ್ತಿತ್ತು. ಹಾಗಾಗಿ ಮುಂದೆ ಕೊಡಬೇಕಾದ ಮೂರು ಬಡ್ಡಿಯ ಕಂತು ಮತ್ತು ಅಸಲನ್ನು ಶೇ. 10ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಬೇಕು. ಅಸಲು 751.31 ಲಕ್ಷ, ಬಡ್ಡಿಯ ಕಂತುಗಳು 124.34 ಲಕ್ಷ, ಒಟ್ಟು ಸುಮಾರು 875.66 ಲಕ್ಷ. ಇದೇ ಸಾಲದ ಭಾಗ. ಕೈಗೆ ಬಂದ 1,000 ಲಕ್ಷದಲ್ಲಿ ಉಳಿದ 124.34 ಲಕ್ಷ ಈಕ್ವಿಟಿ. ಮೊದಲು ಸಾಲ, ಮಿಕ್ಕಿದ್ದು ಈಕ್ವಿಟಿ: ಈ ಕ್ರಮ ತಿರುಗಿಸುವಂತಿಲ್ಲ.

ಇದರ ಪರಿಣಾಮ ಲಾಭ-ನಷ್ಟದ ಲೆಕ್ಕದಲ್ಲಿ ಕಾಣುತ್ತದೆ. ಕಂಪನಿ ಮೊದಲ ವರ್ಷ ನಗದಾಗಿ ಕೊಡುವುದು 50 ಲಕ್ಷವೇ ಆದರೂ, ಖರ್ಚೆಂದು ಬರೆಯಬೇಕಾದ್ದು 875.66ರ ಶೇ. 10, ಅಂದರೆ 87.57 ಲಕ್ಷ. ಹೆಚ್ಚುವರಿ 37.57 ಲಕ್ಷ ಸಾಲಕ್ಕೆ ಸೇರಿ ಅದು 913.22 ಆಗುತ್ತದೆ, ಎರಡನೇ ವರ್ಷದ ಕೊನೆಗೆ 954.55, ಮೂರನೇ ವರ್ಷಕ್ಕೆ ಸರಿಯಾಗಿ 1,000. ಅಗ್ಗದ ಬಡ್ಡಿಯೆಂಬ ಭ್ರಮೆ ಹೀಗೆ ವರ್ಷವರ್ಷವೂ ಕರಗುತ್ತದೆ.

ಈಕ್ವಿಟಿಯ 124.34 ಲಕ್ಷ ಮಾತ್ರ ಕದಲುವುದಿಲ್ಲ. ಷೇರಿನ ಬೆಲೆ ಕುಸಿದು ಆ ಹಕ್ಕು ಕವಡೆ ಕಿಮ್ಮತ್ತಿಗೂ ಬಾರದಾದರೂ ಅದನ್ನು ಮತ್ತೆ ಅಳೆಯುವುದಿಲ್ಲ. ಹೂಡಿಕೆದಾರರು ಷೇರು ಪಡೆದರೆ ಉಳಿದ ಸಾಲವೂ ಬಂಡವಾಳಕ್ಕೆ ಸೇರುತ್ತದೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಷೇರು ಬೇಡವೆಂದರೆ 10 ಕೋಟಿ ವಾಪಸು ಕೊಡಬೇಕು, ಆ ಈಕ್ವಿಟಿ ಕಂಪನಿಯ ಬಂಡವಾಳದಲ್ಲೇ ಉಳಿಯುತ್ತದೆ. ಅದನ್ನು ಲಾಭವೆಂದು ತೋರಿಸುವಂತಿಲ್ಲ.

ಎಡವುವ ಜಾಗ ಮಾರುಕಟ್ಟೆಯ ದರ. ಅದೇ ಪತ್ರಕ್ಕೆ ಶೇ. 10ರ ಬದಲು ಶೇ. 8 ಹಿಡಿದರೆ ಸಾಲ 922.69 ಲಕ್ಷಕ್ಕೆ ಏರಿ, ಈಕ್ವಿಟಿ 77.31ಕ್ಕೆ ಇಳಿಯುತ್ತದೆ. ಸಾಲ ಕಡಿಮೆ ತೋರಿಸುವ ಆಸೆಯಿದ್ದವರಿಗೆ ಎತ್ತರದ ದರ ಅನುಕೂಲ, ಆದರೆ ಮುಂದಿನ ವರ್ಷಗಳ ಬಡ್ಡಿ ಖರ್ಚು ಅದರ ಬೆಲೆ ವಸೂಲು ಮಾಡುತ್ತದೆ.

ಎಲ್ಲ ಪರಿವರ್ತನೀಯ ಪತ್ರಗಳಿಗೂ ಈ ವಿಂಗಡಣೆ ಒಪ್ಪುವುದಿಲ್ಲ. ನಿಗದಿತ ಹಣಕ್ಕೆ ನಿಗದಿತ ಸಂಖ್ಯೆಯ ಷೇರು ಸಿಗುವಂತಿದ್ದರೆ ಮಾತ್ರ ಹಕ್ಕು ಈಕ್ವಿಟಿ ಎನಿಸಿಕೊಳ್ಳುತ್ತದೆ. ಸ್ಟಾರ್ಟಪ್‌ಗಳ ಕನ್ವರ್ಟಿಬಲ್ ನೋಟ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ ಸುತ್ತಿನ ಹೂಡಿಕೆಯ ಬೆಲೆಯಲ್ಲಿ ರಿಯಾಯಿತಿ ಎಂದಿರುತ್ತದೆ. ಆಗ ಎಷ್ಟು ಷೇರು ಕೊಡಬೇಕೆಂಬುದು ಇಂದೇ ಗೊತ್ತಿರುವುದಿಲ್ಲ, ಹಾಗಾಗಿ ಆ ಹಕ್ಕೂ ಹೊಣೆಗಾರಿಕೆಯ ಕಡೆಗೇ ಹೋಗುತ್ತದೆ. ಡಾಲರ್ ಬಾಂಡ್‌ಗಳಿಗೂ ಇದೇ ತೊಡಕು: ಷೇರು ರೂಪಾಯಿಯಲ್ಲಿ, ಸಾಲ ಡಾಲರಿನಲ್ಲಿ. ಇಲ್ಲಿ ಭಾರತದ ಮಾನದಂಡ ಅಂತರರಾಷ್ಟ್ರೀಯ ನಿಯಮದಿಂದ ಬೇರ್ಪಟ್ಟು, ಯಾವ ಕರೆನ್ಸಿಯಾದರೂ ನಿಗದಿತ ಮೊತ್ತವಿದ್ದರೆ ಸಾಕೆಂದು ವಿನಾಯಿತಿ ಕೊಟ್ಟಿದೆ.

ಈ ವಿಂಗಡಣೆ ಎಲ್ಲರಿಗೂ ಹಿಡಿಸಿಲ್ಲ. ನಗದಿನಲ್ಲೂ ತೀರಿಸಬಹುದಾದ ಪತ್ರಗಳನ್ನು ಹೀಗೆ ಬೇರ್ಪಡಿಸುತ್ತಿದ್ದ ಅಮೆರಿಕ 2020ರಲ್ಲಿ ನಿಯಮ ಬದಲಿಸಿ, ಬಹುಪಾಲು ಪರಿವರ್ತನೀಯ ಪತ್ರಗಳನ್ನು ಪೂರ್ತಿ ಸಾಲವೆಂದೇ ತೋರಿಸಲು ಒಪ್ಪಿತು. ಹೀಗಾಗಿ ಅಮೆರಿಕದ ಮತ್ತು ಭಾರತದ ಕಂಪನಿಗಳ ಸಾಲವನ್ನು ಪಕ್ಕಪಕ್ಕ ಇಟ್ಟು ತೂಗುವಾಗ ಎಚ್ಚರ ಬೇಕು.

ಷೇರು ಕೊಳ್ಳುವ ಮುನ್ನ ವಾರ್ಷಿಕ ವರದಿ ತೆರೆದರೆ, ಈಕ್ವಿಟಿಯ ಬದಲಾವಣೆಗಳ ಪಟ್ಟಿಯಲ್ಲಿ ‘ಸಂಯುಕ್ತ ಹಣಕಾಸು ಸಾಧನಗಳ ಈಕ್ವಿಟಿ ಭಾಗ’ ಎಂಬ ಸಾಲು ಇದೆಯೇ ನೋಡಿ. ಇದ್ದರೆ, ಅದಕ್ಕೆ ಬಳಸಿದ ಬಡ್ಡಿ ದರವನ್ನು ಟಿಪ್ಪಣಿಗಳಲ್ಲಿ ಹುಡುಕಿ.