ಆರ್ಡರಿನ ಬೆನ್ನು ಹಿಡಿದು ಲೆಕ್ಕ

ಶಿವಮೊಗ್ಗದಂಥ ಊರಿನ ಒಂದು ದಿನಸಿ ಅಂಗಡಿ ಮನೆಮನೆಗೆ ಸಾಮಾನು ತಲುಪಿಸಲು ಆ್ಯಪ್ ಮಾಡಿಸಲು ಹೊರಟಿದೆ ಎಂದುಕೊಳ್ಳಿ. ಎಷ್ಟು ದುಡ್ಡು, ಎಷ್ಟು ದಿನ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಗ್ರಾಹಕನ ಮೊಬೈಲಿನಲ್ಲಿ ಎಷ್ಟು ಪರದೆ ಕಾಣಬೇಕೆಂದು ಎಣಿಸುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ. ಗ್ರಾಹಕನಿಗೆ ಕಾಣುವುದು ಒಂದೇ ಆ್ಯಪ್. ಆದರೆ ಅಂಗಡಿಯವರಿಗೆ ಆರ್ಡರ್ ನೋಡಲು ಒಂದು ಪುಟ, ಡೆಲಿವರಿ ಹುಡುಗನಿಗೆ ಇನ್ನೊಂದು ಆ್ಯಪ್, ಇವೆಲ್ಲವನ್ನೂ ಜೋಡಿಸುವ ಸರ್ವರ್ ಕೂಡ ಬೇಕು.

ಹಾಗಾಗಿ ಒಂದು ಆರ್ಡರಿನ ಬೆನ್ನು ಹಿಡಿದು ಹೋಗುವುದು ಒಳ್ಳೆಯದು. ಗ್ರಾಹಕ ಆರ್ಡರ್ ಹಾಕಿದ, ಅಂಗಡಿಯವರು ಒಪ್ಪಿಕೊಂಡರು, ಕಟ್ಟಿಟ್ಟರು, ಹುಡುಗ ಒಯ್ದ, ಮನೆಗೆ ಮುಟ್ಟಿತು. ಈ ನೇರ ದಾರಿಯ ಕೆಲಸ ಬೇಗ ಮುಗಿಯುತ್ತದೆ. ದಿನ ತಿನ್ನುವುದು ಅಡ್ಡದಾರಿಗಳು. ತೊಗರಿಬೇಳೆ ಮುಗಿದಿದ್ದರೆ ಆರ್ಡರಿನ ಉಳಿದ ಸಾಮಾನು ಕಳಿಸಬೇಕೆ? ಗ್ರಾಹಕ ಫೋನ್ ಎತ್ತದಿದ್ದರೆ? ಎಲ್ಲಕ್ಕಿಂತ ಕಷ್ಟದ್ದು, ಯುಪಿಐನಲ್ಲಿ ಹಣ ಕಡಿತವಾಗಿದೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಆರ್ಡರ್ ದಾಖಲಾಗಿಲ್ಲ. ಇಂಥ ಹಣವನ್ನು ಪತ್ತೆಹಚ್ಚಿ ಆರ್ಡರಿಗೆ ಜೋಡಿಸುವ, ಇಲ್ಲವೇ ಹಿಂದಿರುಗಿಸುವ ಕೆಲಸ ಯಾವ ಪರದೆಯಲ್ಲೂ ಕಾಣುವುದಿಲ್ಲ. ಆದರೆ ಅದಿಲ್ಲದೆ ಅಂಗಡಿ ಒಂದು ವಾರವೂ ನಡೆಯದು.

ಪ್ರತಿ ಕೆಲಸಕ್ಕೂ ಒಂದೇ ಸಂಖ್ಯೆ ಬರೆಯಬಾರದು, ಮೂರು ಬರೆಯಬೇಕು: ಎಲ್ಲ ಸುಸೂತ್ರವಾದರೆ, ಸಾಮಾನ್ಯವಾಗಿ, ಎಲ್ಲ ಕೆಟ್ಟರೆ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿದರೆ ನಂಬಬಹುದಾದ ಅಂದಾಜು ಸಿಗುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪಿಸಿದ ವಿಧಾನವಿದು. ಹಣ ಪಾವತಿಯ ಭಾಗಕ್ಕೆ 4, 6, 14 ದಿನ ಎಂದು ಬರೆದರೆ 7 ದಿನ ಬರುತ್ತದೆ. ಹುಡುಗನ ಗಾಡಿ ನಕ್ಷೆಯ ಮೇಲೆ ಚಲಿಸುವುದನ್ನು ತೋರಿಸುವುದಕ್ಕೆ 5, 10, 27 ಎಂದರೆ 12 ಬರುತ್ತದೆ. ಇಲ್ಲಿ 12ಕ್ಕಿಂತ ಮುಖ್ಯವಾದದ್ದು 5ಕ್ಕೂ 27ಕ್ಕೂ ಇರುವ ಅಂತರ. ಆ ಕೆಲಸ ನಮಗೆ ಸರಿಯಾಗಿ ಗೊತ್ತಿಲ್ಲ ಎಂದು ಅದೇ ಹೇಳುತ್ತದೆ. ಫೋನ್ ಜೇಬಿಗೆ ಹೋದೊಡನೆ ಬ್ಯಾಟರಿ ಉಳಿಸಲು ಕೆಲವು ಮೊಬೈಲ್‌ಗಳು ಹಿನ್ನೆಲೆಯ ಆ್ಯಪನ್ನೇ ನಿಲ್ಲಿಸಿಬಿಡುತ್ತವೆ, ನಕ್ಷೆಯ ಮೇಲಿನ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಮೊದಲ ಆವೃತ್ತಿಯಲ್ಲಿ ಇದನ್ನು ಬಿಟ್ಟುಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ‘ಹುಡುಗ ಹೊರಟಿದ್ದಾನೆ’ ಎಂಬ ಸಂದೇಶ, ಅವನ ಫೋನ್ ನಂಬರ್ ಇಷ್ಟಿದ್ದರೆ ಸಣ್ಣ ಊರಿನಲ್ಲಿ ಕೆಲಸ ನಡೆಯುತ್ತದೆ.

ಇನ್ನು ನಮ್ಮ ಉದಾಹರಣೆಯ ಲೆಕ್ಕ. ನಕ್ಷೆ ಬಿಟ್ಟು, ಗ್ರಾಹಕನ ಆ್ಯಪಿಗೆ 28 ದಿನ, ಅಂಗಡಿಯ ಪುಟಕ್ಕೆ 14, ಹುಡುಗನ ಆ್ಯಪಿಗೆ 12, ಸರ್ವರಿಗೆ 26, ಒಟ್ಟು 80 ದಿನದ ಕೆಲಸ. ಇಬ್ಬರು ಪ್ರೋಗ್ರಾಮರುಗಳು ಹಂಚಿಕೊಂಡರೆ ತಲಾ 40 ದಿನ. ಆದರೆ ರಜೆ, ಮಾತುಕತೆ, ಹಳೆ ತಪ್ಪು ತಿದ್ದುವುದು ಎಲ್ಲ ಕಳೆದರೆ ವಾರದ ಐದು ದಿನದಲ್ಲಿ ಕೈಗೆ ಸಿಗುವುದು ನಾಲ್ಕು. ಹಾಗಾಗಿ 10 ವಾರ. ಆಮೇಲೆ ಒಂದೇ ಬಡಾವಣೆಯಲ್ಲಿ ನಿಜವಾದ ಗ್ರಾಹಕರೊಂದಿಗೆ ಪರೀಕ್ಷೆಗೆ 3 ವಾರ. ಹೀಗೆ ಮೂರು ತಿಂಗಳು. ಪ್ರೋಗ್ರಾಮರಿಗೆ ತಲಾ 60 ಸಾವಿರ, ಅರೆಕಾಲಿಕ ಡಿಸೈನರಿಗೆ 25 ಸಾವಿರ, ಪರೀಕ್ಷಿಸುವವರಿಗೆ 30 ಸಾವಿರ ಎಂದಿಟ್ಟುಕೊಂಡರೆ ತಿಂಗಳಿಗೆ 1.75 ಲಕ್ಷ, ಮೂರು ತಿಂಗಳಿಗೆ 5.25 ಲಕ್ಷ. ಸರ್ವರ್ ಬಾಡಿಗೆ, ಎಸ್ಸೆಮ್ಮೆಸ್ ಮುಂತಾದುವಕ್ಕೆ 25 ಸಾವಿರ ಸೇರಿಸಿದರೆ ಐದೂವರೆ ಲಕ್ಷ. ಒಂದು ತಿಂಗಳ ಸಂಬಳವನ್ನು ಮೀಸಲಿಟ್ಟು ಅಂಗಡಿಯವರಿಗೆ ಹೇಳಬೇಕಾದ್ದು ಹೀಗೆ: ಮೂರರಿಂದ ನಾಲ್ಕು ತಿಂಗಳು, 5.5ರಿಂದ 7.25 ಲಕ್ಷ. ಸಂಬಳ ಊರಿಂದೂರಿಗೆ ಬದಲಾಗುತ್ತದೆ, ಲೆಕ್ಕದ ದಾರಿ ಇದೇ.

ಇಬ್ಬರ ಬದಲು ನಾಲ್ವರನ್ನು ಹಾಕಿದರೂ ಬೇಗವಾಗದ ಕೆಲಸಗಳೂ ಇವೆ. ಒಟಿಪಿ ಕಳಿಸಲು ಟ್ರಾಯ್ ನಿಯಮದಂತೆ ಡಿಎಲ್‌ಟಿ ನೋಂದಣಿ ಆಗಬೇಕು, ಸಂದೇಶದ ಮಾದರಿಗೂ ಒಪ್ಪಿಗೆ ಸಿಗಬೇಕು. ಪಾವತಿ ಗೇಟ್‌ವೇಯವರು ಅಂಗಡಿಯ ದಾಖಲೆ ಪರಿಶೀಲಿಸುತ್ತಾರೆ. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯಿಂದ ಗೂಗಲ್ ಪ್ಲೇ ಸ್ಟೋರಿಗೆ ಆ್ಯಪ್ ಹಾಕುವುದಾದರೆ, ಮೊದಲು ಪರೀಕ್ಷಕರ ಒಂದು ಗುಂಪು ಸತತ 14 ದಿನ ಅದರಲ್ಲಿ ಸೇರಿರಬೇಕು. ಈ ಅರ್ಜಿಗಳನ್ನು ಮೊದಲ ವಾರವೇ ಹಾಕದಿದ್ದರೆ, ಸಿದ್ಧವಾದ ಆ್ಯಪ್ ಕೂಡ ಕಾಯುತ್ತ ಕೂರುತ್ತದೆ.

ಅಂದಾಜು ದಾರಿ ತಪ್ಪುತ್ತಿದೆಯೇ ಎಂದು ಮೂರನೇ ವಾರಕ್ಕೇ ತಿಳಿಯಬಹುದು. ಇಬ್ಬರೂ ಸೇರಿ 24 ದಿನದ ಕೆಲಸ ಮುಗಿಸಿರಬೇಕಿತ್ತು. 16 ದಿನದ್ದು ಮಾತ್ರ ಮುಗಿದಿದ್ದರೆ ಹತ್ತು ವಾರದ ಕೆಲಸ ಹದಿನೈದಕ್ಕೆ ಹೋಗುತ್ತದೆ. ಆಗ ಏನನ್ನಾದರೂ ಕೈಬಿಡಬೇಕು, ಇಲ್ಲವೇ ಅಂಗಡಿಯವರಿಗೆ ಅಂದೇ ತಿಳಿಸಬೇಕು.

ನೀವೇ ಆ್ಯಪ್ ಮಾಡಿಸುವವರಾದರೆ, ಅಂದಾಜು ತಂದವರನ್ನು ಒಂದು ಮಾತು ಕೇಳಿ: ಹಣ ಕಟ್ಟಿದ ಮೇಲೆ ಆರ್ಡರ್ ರದ್ದಾದರೆ ಏನಾಗುತ್ತದೆ, ಅದಕ್ಕೆ ಎಷ್ಟು ದಿನ ಹಿಡಿದಿದ್ದೀರಿ? ಅದಕ್ಕೆ ಉತ್ತರವಿಲ್ಲದ ಅಂದಾಜಿಗೆ ಮುಂಗಡ ಕೊಡಬೇಡಿ.