ಎದೆಹಾಲಿಗೆ ಇಳಿಯುವ ನಿಕೋಟಿನ್

ತಾಯಿ ಬೀಡಿ, ಸಿಗರೇಟು ಸೇದಿದರೂ, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಂಡರೂ, ಕಡ್ಡಿಪುಡಿ ತಿಂದರೂ ಅದರಲ್ಲಿರುವ ನಿಕೋಟಿನ್ ರಕ್ತಕ್ಕೆ ಸೇರಿ ಅಲ್ಲಿಂದ ಎದೆಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಅದರ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಕಡಿಮೆಯಿರುವುದಿಲ್ಲ, ಸುಮಾರು ಮೂರು ಪಟ್ಟು ಹೆಚ್ಚಿರುತ್ತದೆ. ನಿಕೋಟಿನ್ ಕ್ಷಾರ ಗುಣದ ವಸ್ತು. ಹಾಲು ರಕ್ತಕ್ಕಿಂತ ತುಸು ಆಮ್ಲೀಯ. ಸಣ್ಣ ಅಣುವಾದ ನಿಕೋಟಿನ್ ಸಲೀಸಾಗಿ ಹಾಲಿಗೆ ದಾಟಿಕೊಳ್ಳುತ್ತದೆ. ಅಲ್ಲಿನ ಆಮ್ಲೀಯತೆಯಿಂದ ವಿದ್ಯುದಾವೇಶ ಪಡೆದು, ಬಂದಷ್ಟು ಸುಲಭವಾಗಿ ಹಿಂದಿರುಗಲಾರದೆ ಅಲ್ಲಿಯೇ ಉಳಿಯುತ್ತದೆ.

ಹಾಗಾದರೆ ಮಗುವಿನ ಹೊಟ್ಟೆಗೆ ಎಷ್ಟು ಹೋಗುತ್ತದೆ? 2003ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ ಇದನ್ನು ಅಳೆಯಿತು. ಅದರಲ್ಲಿದ್ದ ತಾಯಂದಿರು ದಿನಕ್ಕೆ ಸರಾಸರಿ 17 ಸಿಗರೇಟು ಸೇದುತ್ತಿದ್ದರು. ನಿಕೋಟಿನ್ ಮತ್ತು ಅದು ದೇಹದಲ್ಲಿ ಒಡೆದಾಗ ಉಂಟಾಗುವ ಕೋಟಿನಿನ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಮಗುವಿಗೆ ಪ್ರತಿ ಕಿಲೋ ತೂಕಕ್ಕೆ ದಿನವೊಂದಕ್ಕೆ ಸುಮಾರು 25 ಮೈಕ್ರೋಗ್ರಾಂ ಸಿಗುತ್ತಿತ್ತು. ಐದು ಕಿಲೋ ತೂಗುವ ಮಗುವಿಗೆ ಇದು 125 ಮೈಕ್ರೋಗ್ರಾಂ ಆಯಿತು. ಒಂದು ಸಿಗರೇಟಿನಿಂದ ಸೇದುವವರ ಮೈಗೆ ಸೇರುವುದು ಸುಮಾರು ಒಂದು ಮಿಲಿಗ್ರಾಂ. ಅದರ ಎಂಟನೇ ಒಂದು ಪಾಲು ಎಂದುಕೊಳ್ಳಬಹುದು. ತಾಯಿಯ ಸೇವನೆಗೆ ಹೋಲಿಸಿದರೆ ಇದು ಅಲ್ಪ. ಆದರೆ ನವಜಾತ ಶಿಶುವಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲ. ವಯಸ್ಕರ ರಕ್ತದಲ್ಲಿ ಸುಮಾರು ಎರಡು ಗಂಟೆಯೊಳಗೆ ಅರ್ಧಕ್ಕೆ ಇಳಿಯುವ ನಿಕೋಟಿನ್, ನವಜಾತ ಶಿಶುವಿನಲ್ಲಿ ಅರ್ಧವಾಗಲು ಹನ್ನೊಂದು ಗಂಟೆಯಷ್ಟು ಹಿಡಿಯುತ್ತದೆ. ಹೀಗಾಗಿ ಒಂದು ಸಲ ಕುಡಿದದ್ದು ಪೂರ್ತಿ ಕರಗುವ ಮೊದಲೇ ಇನ್ನೊಂದು ಸಲದ್ದು ಸೇರಿಕೊಳ್ಳುತ್ತದೆ.

ಇದರ ಪರಿಣಾಮ ಮೊದಲು ಕಾಣುವುದು ನಿದ್ದೆಯಲ್ಲಿ. 2007ರಲ್ಲಿ ಅಮೆರಿಕದಲ್ಲಿ ನಡೆದ ಸಣ್ಣ ಪ್ರಯೋಗವೊಂದರಲ್ಲಿ ಅದೇ ಮಕ್ಕಳನ್ನು ಎರಡು ದಿನ ಗಮನಿಸಲಾಯಿತು. ಒಂದು ದಿನ ತಾಯಿ ಸಿಗರೇಟು ಸೇದಿ ಹಾಲೂಡಿಸಿದಳು, ಇನ್ನೊಂದು ದಿನ ಸೇದದೆ ಹಾಲೂಡಿಸಿದಳು. ಮುಂದಿನ ಮೂರೂವರೆ ಗಂಟೆಯಲ್ಲಿ ಸೇದದ ದಿನ ಮಕ್ಕಳು ಸರಾಸರಿ 84 ನಿಮಿಷ ಮಲಗಿದರೆ, ಸೇದಿದ ದಿನ ಮಲಗಿದ್ದು 53 ನಿಮಿಷ ಮಾತ್ರ. ಕುಡಿದ ಹಾಲಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಮಗು ಬೇಗ ಎಚ್ಚರವಾಗಿ ಕಿರಿಕಿರಿ ಮಾಡಿದಾಗ ಹಾಲು ಸಾಲದು ಎಂಬ ಅನುಮಾನ ಮನೆಯವರಿಗೆ ಬರುವುದು ಸಹಜ. ತಂಬಾಕು ಬಳಸುವ ಬಾಣಂತಿಯ ವಿಷಯದಲ್ಲಿ ಆ ಅನುಮಾನದ ಮೇಲೆ ಡಬ್ಬಿ ಹಾಲಿಗೆ ಹೋಗುವ ಮುನ್ನ ಮಗುವಿನ ತೂಕ ನೋಡುವುದು ಮೇಲು. ಅತಿಯಾಗಿ ಸೇದುವವರಲ್ಲಿ ಹಾಲಿನ ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಮಟ್ಟ ತಗ್ಗುವುದೂ ಉಂಟು. ತೂಕ ಏರದಿದ್ದರೆ ವೈದ್ಯರಿಗೆ ತೋರಿಸಬೇಕು.

ಹೊಗೆಯಿಂದ ಇನ್ನೊಂದು ನಷ್ಟವಿದೆ. ಅದರಿಂದ ದೇಹದಲ್ಲಿ ಹೆಚ್ಚುವ ಥಯೋಸಯನೇಟ್ ಎಂಬ ವಸ್ತು ಹಾಲಿಗೆ ಅಯೋಡಿನ್ ಸೇರುವುದನ್ನು ತಡೆಯುತ್ತದೆ. ಡೆನ್ಮಾರ್ಕಿನಲ್ಲಿ ಅಳೆದಾಗ ಧೂಮಪಾನಿ ತಾಯಂದಿರ ಹಾಲಿನಲ್ಲಿ ಅಯೋಡಿನ್ ಇತರರದ್ದಕ್ಕಿಂತ ಅರ್ಧದಷ್ಟೇ ಇತ್ತು. ಮಗುವಿನ ಮಿದುಳು ಬೆಳೆಯಲು ಥೈರಾಯ್ಡ್ ಹಾರ್ಮೋನು ಬೇಕು, ಅದಕ್ಕೆ ಅಯೋಡಿನ್ ಬೇಕು. ಅಂಥ ಮನೆಯಲ್ಲಿ ಅಯೋಡಿನ್ ಉಪ್ಪು ಬಳಸದೆ ಕಲ್ಲುಪ್ಪಿಗೇ ಅಂಟಿಕೊಂಡಿದ್ದರೆ ಕೊರತೆ ಇಮ್ಮಡಿಯಾಗುತ್ತದೆ.

ಇಷ್ಟೆಲ್ಲ ಇದ್ದರೂ ತಂಬಾಕು ಬಿಡಲಾಗದ ತಾಯಿ ಹಾಲೂಡಿಸುವುದನ್ನು ನಿಲ್ಲಿಸಬೇಕೆಂದು ವೈದ್ಯಶಾಸ್ತ್ರ ಹೇಳುವುದಿಲ್ಲ. ಹೊಗೆಯಿರುವ ಮನೆಯಲ್ಲಿ ಉಸಿರಾಟದ ಸೋಂಕು ಮಕ್ಕಳಿಗೆ ಹೆಚ್ಚು. ಅದನ್ನು ತಡೆಯುವ ರೋಗನಿರೋಧಕ ಅಂಶಗಳು ಎದೆಹಾಲಿನಲ್ಲೇ ಇವೆ. ಹಾಲು ಬಿಡಿಸಿದರೆ ಹೊಗೆ ಉಳಿಯುತ್ತದೆ, ರಕ್ಷಣೆ ಹೋಗುತ್ತದೆ. ಹೆಚ್ಚು ಹಾನಿಯದು ಈ ಎರಡನೆಯ ಸ್ಥಿತಿಯೇ.

ಬಿಡುವ ತನಕ ಮಗುವಿನ ಪಾಲನ್ನು ತಗ್ಗಿಸಲು ತಾಯಿಯ ಕೈಯಲ್ಲಿರುವ ಮುಖ್ಯ ಉಪಾಯ ಹೊತ್ತು ನೋಡಿಕೊಳ್ಳುವುದು. ಹಾಲಿನಲ್ಲಿರುವ ನಿಕೋಟಿನ್ ಸುಮಾರು ಒಂದೂವರೆ ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಮತ್ತು ಒಂಬತ್ತಕ್ಕೆ ಹಾಲೂಡಿಸುವ ತಾಯಿ ಒಬ್ಬಳನ್ನು ಊಹಿಸಿಕೊಳ್ಳಬಹುದು. ಆಕೆ ಎಂಟೂಮುಕ್ಕಾಲಿಗೆ ಸಿಗರೇಟು ಸೇದಿದರೆ, ನಿಕೋಟಿನ್ ಉತ್ತುಂಗಕ್ಕೇರಿದ ಹಾಲನ್ನೇ ಮಗು ಕುಡಿಯುತ್ತದೆ. ಆರರ ಹಾಲು ಮುಗಿದ ಕೂಡಲೇ ಸೇದಿದ್ದರೆ ಒಂಬತ್ತರ ಹೊತ್ತಿಗೆ ಆ ಸಿಗರೇಟಿನಿಂದ ಬಂದದ್ದರಲ್ಲಿ ಕಾಲುಭಾಗದಷ್ಟೇ ಉಳಿದಿರುತ್ತದೆ. ಸಿಗರೇಟು ಎರಡು ಕಡೆಯೂ ಒಂದೇ, ಮಗುವಿಗೆ ಹೋಗುವ ಅಳತೆ ಬೇರೆ. ಈ ನಡುವೆ ಹಾಲು ಹಿಂಡಿ ಚೆಲ್ಲಿದರೆ ಶುದ್ಧವಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ರಕ್ತದಲ್ಲಿ ಇಳಿದಂತೆ ಹಾಲಿನಲ್ಲೂ ತಾನಾಗಿ ಇಳಿಯುತ್ತದೆ; ಹಿಂಡುವುದರಿಂದ ಅದು ಬೇಗ ಆಗುವುದಿಲ್ಲ.

ಈ ಲೆಕ್ಕಕ್ಕೆ ಮಿತಿಯಿದೆ. ಮೊದಲ ವಾರಗಳಲ್ಲಿ ಮಗು ಗಂಟೆಗೊಮ್ಮೆಯೂ ಅಳಬಹುದು, ಆಗ ಹಸಿದ ಮಗುವನ್ನು ಕಾಯಿಸುವಂತಿಲ್ಲ. ಗಂಟೆಗೊಂದು ಸೇದುವವರ ರಕ್ತದಲ್ಲಿ ಒಂದರ ಮೇಲೊಂದು ಸೇರಿ ಇಳಿಯುವ ಅವಕಾಶವೇ ಇರುವುದಿಲ್ಲ. ಅಂಥವರು ಸಂಖ್ಯೆಯನ್ನೇ ಇಳಿಸಬೇಕಾಗುತ್ತದೆ.

ನಮ್ಮಲ್ಲಿ ಈ ಮಿತಿ ಹೆಚ್ಚಾಗಿ ತಾಗುವುದು ಜಗಿಯುವವರಿಗೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಮಹಿಳೆಯರಲ್ಲಿ ಧೂಮಪಾನಿಗಳು ಶೇ. 2ರಷ್ಟಿದ್ದರೆ, ಹೊಗೆರಹಿತ ತಂಬಾಕು ಬಳಸುವವರು ಶೇ. 12.8. ಬಾಣಂತಿಗೆ ಊಟವಾದ ಮೇಲೆ ಎಲೆಅಡಿಕೆ ಕೊಡುವ ರೂಢಿ ಕನ್ನಡನಾಡಿನ ಅನೇಕ ಮನೆಗಳಲ್ಲಿದೆ. ಅದಕ್ಕೆ ಹೊಗೆಸೊಪ್ಪಿನ ಚೂರು ಸೇರಿದರೆ ಅದು ಬರೀ ತಾಂಬೂಲವಾಗಿ ಉಳಿಯುವುದಿಲ್ಲ. ಸುಣ್ಣದ ಕ್ಷಾರದಿಂದ ನಿಕೋಟಿನ್ ಬಾಯಿಯ ಒಳಪದರದ ಮೂಲಕ ರಕ್ತಕ್ಕೆ ಇನ್ನಷ್ಟು ಸುಲಭವಾಗಿ ನುಗ್ಗುತ್ತದೆ. ಸಿಗರೇಟಿನ ನಿಕೋಟಿನ್ ಥಟ್ಟನೆ ಏರಿ ಇಳಿಯತೊಡಗಿದರೆ, ದವಡೆಯಲ್ಲಿಟ್ಟ ಹೊಗೆಸೊಪ್ಪಿನದು ನಿಧಾನ ಏರಿ ಬಹಳ ಹೊತ್ತು ಅದೇ ಮಟ್ಟದಲ್ಲಿರುತ್ತದೆ. ಬಾಯಿಂದ ಉಗಿದ ಮೇಲೂ ಬಾಯಿಯ ಒಳಪದರದಲ್ಲಿ ಸೇರಿಕೊಂಡದ್ದು ರಕ್ತಕ್ಕೆ ಬರುತ್ತಿರುತ್ತದೆ. ಆದ್ದರಿಂದ ಹಾಲೂಡಿಸಿದ ಕೂಡಲೇ ಹಾಕಿಕೊಂಡು, ಬೇಗ ಉಗಿದು, ಬಾಯಿ ಮುಕ್ಕಳಿಸುವುದು ಮತ್ತು ನಿದ್ದೆಯಲ್ಲಿ ದವಡೆಗೆ ಇಟ್ಟುಕೊಳ್ಳದಿರುವುದು ಇಲ್ಲಿ ಕನಿಷ್ಠ ಎಚ್ಚರಿಕೆ. ಹೊಗೆಸೊಪ್ಪು ಬಿಟ್ಟರೆ ಎಲೆಯ ರೂಢಿ ಬಿಡಬೇಕಿಲ್ಲ ಎನ್ನುವವರಿದ್ದಾರೆ. ನಿಕೋಟಿನ್ ಮಟ್ಟಿಗೆ ಅದು ನಿಜ. ಆದರೆ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದನ್ನು ಮರೆಯುವಂತಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹಸಿ ತಂಬಾಕಿನ ಎಲೆ ಮುರಿಯುವ ತಾಯಂದಿರಿಗೆ ಚರ್ಮದ ಮೂಲಕವೂ ನಿಕೋಟಿನ್ ಸೇರುತ್ತದೆ. ಅವರು ಬಟ್ಟೆ ಬದಲಿಸಿ, ಕೈ ಮತ್ತು ಎದೆ ತೊಳೆದು ಮಗುವನ್ನು ಎತ್ತಿಕೊಳ್ಳಬೇಕು.

ಬಿಡಲು ನೆರವಾಗುವ ನಿಕೋಟಿನ್ ಚ್ಯೂಯಿಂಗ್ ಗಮ್ ಮತ್ತು ಪ್ಯಾಚ್‌ಗಳಿಂದಲೂ ಹಾಲಿಗೆ ನಿಕೋಟಿನ್ ಬರುತ್ತದೆ. ಆದರೆ ಹೊಗೆಯ ಟಾರ್, ಕಾರ್ಬನ್ ಮೊನಾಕ್ಸೈಡ್ ಬರುವುದಿಲ್ಲ. ಆಸ್ಟ್ರೇಲಿಯಾದ ಅದೇ ಅಧ್ಯಯನದಲ್ಲಿ 21 ಮಿಲಿಗ್ರಾಂ ಪ್ಯಾಚ್ ಹಚ್ಚಿದವರ ಮಗುವಿಗೆ ಧೂಮಪಾನದಷ್ಟೇ ನಿಕೋಟಿನ್ ಹೋಗುತ್ತಿತ್ತು. 7 ಮಿಲಿಗ್ರಾಮಿಗೆ ಇಳಿಸುವಷ್ಟರಲ್ಲಿ ಅದು ಸುಮಾರು ಶೇ. 70ರಷ್ಟು ಕಡಿಮೆಯಾಯಿತು. ಪ್ಯಾಚ್ ದಿನವಿಡೀ ಒಂದೇ ಸಮನೆ ನಿಕೋಟಿನ್ ಬಿಡುವುದರಿಂದ ಹೊತ್ತು ನೋಡಿ ಹಾಲೂಡಿಸುವ ಉಪಾಯ ಅದರ ಜೊತೆ ನಡೆಯದು. ಗಮ್ಮಿನ ಜೊತೆ ನಡೆಯುತ್ತದೆ: ಹಾಲೂಡಿಸಿ, ಗಮ್ ಜಗಿದು, ಮುಂದಿನ ಹಾಲಿಗೆ ಎರಡು ಮೂರು ಗಂಟೆ ಬಿಡುವು ಕೊಡಬಹುದು. ಗಮ್ ಜೊತೆಗೆ ಹೊಗೆಸೊಪ್ಪನ್ನೂ ಮುಂದುವರಿಸಿದರೆ ಮಗುವಿಗೆ ಎರಡೂ ಸೇರಿ ಹೋಗುತ್ತವೆ. ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳನ್ನು ಹಾಲೂಡಿಸುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಇನ್ನು ಉಳಿದದ್ದು ಹಾಲಿಗೆ ಸಂಬಂಧಿಸದ ದಾರಿ. ಮನೆಯೊಳಗೆ ಅಪ್ಪ, ಅಜ್ಜ ಸೇದುವ ಬೀಡಿಯ ಹೊಗೆಯನ್ನು ಮಗು ನೇರವಾಗಿ ಉಸಿರಾಡುತ್ತದೆ, ತಾಯಿ ತಂಬಾಕು ಮುಟ್ಟದಿದ್ದರೂ ಸರಿ. ಕಿಟಕಿ ತೆರೆದರೆ ಸಾಲದು. ಸೇದುವುದು ಮನೆಯ ಹೊರಗೇ ಆಗಬೇಕು. ಸೇದುವವರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿದ ಶಿಶುವಿಗೆ ನಿದ್ದೆಯಲ್ಲೇ ಹಠಾತ್ತನೆ ಸಾವು ಬರುವ ಅಪಾಯ ಹೆಚ್ಚು. ಅದೇ ಕೋಣೆಯಲ್ಲಿ ತೊಟ್ಟಿಲಿನಲ್ಲಿ, ಅಂಗಾತ ಮಲಗಿಸುವುದು ಸುರಕ್ಷಿತ. ಬಿಡಬೇಕೆನ್ನುವ ತಾಯಂದಿರಿಗೂ ಮನೆಯವರಿಗೂ ಕೇಂದ್ರ ಸರ್ಕಾರದ ಉಚಿತ ತಂಬಾಕು ತ್ಯಜನ ಸಹಾಯವಾಣಿ 1800-11-2356ರಲ್ಲಿ ಆಪ್ತಸಲಹೆ ಸಿಗುತ್ತದೆ.