ಕಣ್ಣಿಂದ ಕಣ್ಣಿಗೆ ಅಳೆಯಬೇಡಿ: ಬೇರೆ ಬೇರೆ ಫೋಟೋಗಳಿಂದ ಒಂದು ಕುಟುಂಬಚಿತ್ರ

ಈ ಸಲ ಯೆರವಡಾದಲ್ಲಿ ನಮ್ಮ ಕೆಳಗಿನ ಮನೆಯವರಿಗೆ ಬರೆದುಕೊಟ್ಟ ಚಿತ್ರದ ಬಗ್ಗೆ ಹೇಳ್ತೀನಿ. ಮೈಸೂರು ಕಡೆಯ ಕುಟುಂಬ. ಅಜ್ಜ ತೀರಿಕೊಂಡಿದ್ದಾರೆ, ಉಳಿದಿರೋದು ಪಾಸ್‌ಪೋರ್ಟ್ ಫೋಟೋ ಒಂದೇ. ಅಜ್ಜಿಯದು ಯಾವುದೋ ಮದುವೆಯಲ್ಲಿ ಅರ್ಧ ತಿರುಗಿ ನಿಂತ ಫೋಟೋ. ಐದು ವರ್ಷದ ಮೊಮ್ಮಗಳದು ಮೇಲಿನಿಂದ ತೆಗೆದದ್ದು. ಅಜ್ಜನ ಜೊತೆ ಆ ಹುಡುಗಿ ಇರೋ ಫೋಟೋ ಒಂದೂ ಇಲ್ಲ, ಅದಕ್ಕೇ ಈ ಚಿತ್ರ ಬೇಕಾಗಿತ್ತು.

ಮೊದಲ ಸಲ ನಾನು ಎರಡು ಕಣ್ಣುಗಳ ನಡುವಿನ ಅಂತರ ಹಿಡಿದು ಮುಖಗಳನ್ನು ಸರಿಹೊಂದಿಸಿದೆ. ಅಜ್ಜಿಯ ತಲೆ ಕುಂಬಳಕಾಯಿ ಆಯ್ತು! ಕಾರಣ ಸರಳ. ಮುಖ ಪಕ್ಕಕ್ಕೆ ತಿರುಗಿದಾಗ ಅಗಲ ಕುಗ್ಗುತ್ತೆ, ಎತ್ತರ ಕುಗ್ಗೋದಿಲ್ಲ. 45 ಡಿಗ್ರಿ ತಿರುಗಿದರೆ ಕಣ್ಣುಗಳ ಅಂತರ ಸುಮಾರು 0.7 ಪಟ್ಟು ಮಾತ್ರ ಕಾಣುತ್ತೆ.

ಲೆಕ್ಕ ನೋಡಿ. ಅಜ್ಜನ ಕಣ್ಣುಗಳ ಅಂತರ 99 ಪಿಕ್ಸೆಲ್, ಕಣ್ಣಿಂದ ಗದ್ದಕ್ಕೆ 180. ಅಜ್ಜಿಯದು 46 ಮತ್ತು 120. ಕಣ್ಣಿನ ಅಂತರ ಹಿಡಿದರೆ ಅಜ್ಜಿಯನ್ನು 2.15 ಪಟ್ಟು ದೊಡ್ಡದು ಮಾಡಬೇಕು. ಆಗ ಅವರ ಕಣ್ಣು–ಗದ್ದ 258 ಆಗಿ ಅಜ್ಜನ ಮುಖವನ್ನೇ ಮೀರಿಸುತ್ತೆ. ಕಣ್ಣು–ಗದ್ದ ಹಿಡಿದರೆ 1.5 ಪಟ್ಟು ಸಾಕು. ದೊಡ್ಡವರ ತಲೆಗಳಲ್ಲಿ ಈ ಅಳತೆ ಹೆಚ್ಚು ವ್ಯತ್ಯಾಸ ಆಗೋದಿಲ್ಲ, ಹಾಗಾಗಿ ನಂಬಬಹುದು.

ಆದರೆ ತಲೆ ಬಗ್ಗಿದ್ದರೆ, ಇಲ್ಲವೇ ಕ್ಯಾಮೆರಾ ಮೇಲಿದ್ದರೆ, ಎತ್ತರವೂ ಕುಗ್ಗುತ್ತೆ. ಮೊಮ್ಮಗಳ ಫೋಟೋದಲ್ಲಿ ಆಗಿದ್ದು ಅದೇ. ಇದನ್ನು ಎಳೆದು ಸರಿಮಾಡೋಕೆ ಹೋಗಬೇಡಿ, ಮುಖ ಬೇರೆಯವರದ್ದಾಗುತ್ತೆ. ನಾನು ಅವಳನ್ನು ಮುಂದೆ ನೆಲದ ಮೇಲೆ ಕೂರಿಸಿದೆ. ನಮ್ಮ ಕಣ್ಣಿಗಿಂತ ಕೆಳಗೆ ಇರೋರು ಮೇಲಿನಿಂದ ಕಾಣೋದು ಸಹಜ ತಾನೇ? ತಲೆಯ ಗಾತ್ರವನ್ನು ದೊಡ್ಡವರದ್ದರ ಸುಮಾರು 85 ಪರ್ಸೆಂಟ್ ಇಟ್ಟೆ. ಮಕ್ಕಳ ಮೈ ಚಿಕ್ಕದು, ತಲೆ ಅಷ್ಟೇನೂ ಚಿಕ್ಕದಲ್ಲ. ಇಲ್ಲಿ ತಪ್ಪಿದರೆ ಮಗು ಗೊಂಬೆಯ ಹಾಗೆ ಕಾಣುತ್ತೆ.

ಅಜ್ಜಿ ಚಿತ್ರದ ಹೊರಕ್ಕೆ ನೋಡ್ತಿದ್ರು. ಕನ್ನಡಿಯಂತೆ ತಿರುಗಿಸಿಬಿಟ್ಟೆ. ಅವರ ಮಗಳು ತಕ್ಷಣ, 'ಇದು ನಮ್ಮಮ್ಮ ಅಲ್ಲ' ಅಂದ್ರು. ಬಲಗಡೆ ಇದ್ದ ಮೂಗುತಿ ಎಡಕ್ಕೆ ಹೋಗಿ ಇಲ್ಲಿಯ ಮರಾಠಿ ಅಜ್ಜಿಯ ನತ್ತಿನ ಜಾಗಕ್ಕೆ ಬಂದಿತ್ತು, ಸೆರಗು ಬಲಭುಜಕ್ಕೆ ಜಾರಿತ್ತು. ಫೋಟೋ ಮೊದಲಿನಂತೆ ಮಾಡಿ, ಅಜ್ಜಿಯನ್ನು ಅಜ್ಜನ ಇನ್ನೊಂದು ಪಕ್ಕಕ್ಕೆ ಕಳಿಸಿದೆ. ನೋಟ ಒಳಕ್ಕೇ ಬಂತು.

ಗೆರೆ ಎಳೆದದ್ದು ಇಷ್ಟೆಲ್ಲ ಆದ ಮೇಲೆ. ಮೊದಲೇ ಬರೆದು ಆಮೇಲೆ ಹಿಗ್ಗಿಸಿದರೆ ಅಜ್ಜಿಯ ಗೆರೆಯೂ 1.5 ಪಟ್ಟು ದಪ್ಪ ಆಗುತ್ತೆ, ಅಂಟಿಸಿದ್ದು ಅಂತ ದೂರದಿಂದಲೇ ಗೊತ್ತಾಗುತ್ತೆ. ಮೂರೂ ಮುಖಕ್ಕೆ ಒಂದೇ ಬ್ರಷ್, ನೆರಳೆಲ್ಲ ಎಡಗಡೆಯ ಕಿಟಕಿಯ ಬೆಳಕಿಗೆ. ಅಜ್ಜನ ಫೋಟೋದ ಫ್ಲ್ಯಾಶ್ ನೆರಳನ್ನು ಪೂರ್ತಿ ಬಿಟ್ಟುಬಿಟ್ಟೆ. ಕಪ್ಪು–ಬಿಳುಪು ಮಾಡಿ ನೋಡಿದಾಗ ಯಾರ ಮುಖವೂ ಬೇರೆ ಎದ್ದು ಕಾಣಲಿಲ್ಲ. ಈಗ ಅದು ಅವರ ಹಾಲ್‌ನಲ್ಲಿದೆ.